ಎಕ್ಸೆಲ್ 80% ಅಂದ್ರೆ ಎಷ್ಟು?

"ರೆಸ್ಯೂಮೆಯಲ್ಲಿ ಟ್ಯಾಲಿ 90%, ಎಕ್ಸೆಲ್ 80% ಅಂತ ಬಾರ್ ಹಾಕಿದ್ದೇನೆ. ನೋಡಲು ಚೆಂದ ಇದೆ. ತೆಗೀಬೇಕಾ?"

ತೆಗೆಯಿರಿ. ಎಕ್ಸೆಲ್‌ನಲ್ಲಿ ನೂರು ಅಂದ್ರೆ ಎಲ್ಲಿಯವರೆಗೆ ಅಂತ ಯಾರೂ ಗೆರೆ ಹಾಕಿಲ್ಲ. ಬರೀ SUM ಗೊತ್ತಿರುವವರು ಧೈರ್ಯವಾಗಿ 90 ಹಾಕಬಹುದು. ಮ್ಯಾಕ್ರೋ ಬರೆಯುವವರು, ಇನ್ನೂ ಕಲಿಯುವುದಿದೆ ಎಂದು 60ಕ್ಕೇ ನಿಲ್ಲಬಹುದು. ಓದುವವರಿಗೆ ಎಲ್ಲ ಉಲ್ಟಾ ಕಾಣುತ್ತದೆ, ಅಲ್ವಾ? ಬಾರ್ ಚಿತ್ರವಾಗಿದ್ದರೆ ರೆಸ್ಯೂಮೆ ಸೋಸುವ ಸಾಫ್ಟ್‌ವೇರ್‌ಗಳು ಹೆಚ್ಚಾಗಿ ಅದನ್ನು ಓದುವುದೂ ಇಲ್ಲ.

ಮಂಗಳೂರಿನ ಯಾವುದಾದರೂ ಗೋಡಂಬಿ ಕಂಪನಿಯ ಅಕೌಂಟ್ಸ್ ಕೆಲಸಕ್ಕೆ ಹಾಕುತ್ತೀರಿ ಅಂದುಕೊಳ್ಳಿ. ಹೀಗೆ ಬರೆಯಬಹುದು:

"ಟ್ಯಾಲಿ ಪ್ರೈಮ್: ಖರೀದಿ, ಮಾರಾಟದ ಎಂಟ್ರಿ ಮತ್ತು ಬ್ಯಾಂಕ್ ರಿಕನ್ಸಿಲಿಯೇಶನ್ ಸ್ವತಂತ್ರವಾಗಿ ಮಾಡಿದ್ದೇನೆ. ಜಿಎಸ್‌ಟಿಆರ್-1 ತಯಾರಿಯಲ್ಲಿ ಹಿರಿಯರಿಗೆ ನೆರವಾಗಿದ್ದೇನೆ. ಎಕ್ಸೆಲ್: VLOOKUP ಬಳಸಿ ಬಿಲ್ ಪಟ್ಟಿಯನ್ನೂ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ತಾಳೆ ನೋಡುತ್ತೇನೆ."

ಯಾವುದನ್ನು ಒಬ್ಬರೇ ಮಾಡಬಲ್ಲಿರಿ, ಯಾವುದಕ್ಕೆ ಜೊತೆ ಬೇಕು ಅಂತ ಇದರಲ್ಲೇ ಗೊತ್ತಾಗುತ್ತದೆ. ಇಂಟರ್‌ವ್ಯೂನಲ್ಲಿ ಪ್ರಶ್ನೆ ಬರುವುದೂ ಇದೇ ಸಾಲುಗಳ ಮೇಲೆ, ಹಾಗಾಗಿ ಮಾಡದ್ದನ್ನು ಸುಮ್ನೆ ಸೇರಿಸಬೇಡಿ.

ಭಾಷೆಗೂ ಸ್ಟಾರ್ ಬೇಡ. ನಮ್ಮ ಕಡೆ ತುಳುವಿಗೆ ಐದು ಸ್ಟಾರ್ ಕೊಟ್ಟವರನ್ನು ನೋಡಿ ನಗು ಬರುತ್ತದೆ. "ತುಳು, ಕೊಂಕಣಿ: ಮಾತಾಡುತ್ತೇನೆ. ಇಂಗ್ಲಿಷ್: ಪಾರ್ಟಿಗಳಿಗೆ ಇಮೇಲ್ ಬರೆಯುತ್ತೇನೆ" ಅಂದರೆ ಸಾಕು.