ತಲೆಬರಹ ತಿದ್ದಿದ್ದು

ಹಣೆಯಲ್ಲಿ ಬರೆದದ್ದನ್ನು ಅಳಿಸಲು ಆಗುವುದಿಲ್ಲ ಅನ್ನುತ್ತಾರೆ. ಲಿಂಕ್ಡ್‌ಇನ್‌ನಲ್ಲಿ ಆಗುತ್ತದೆ. ಹೆಸರಿನ ಹತ್ತಿರದ ಪೆನ್ಸಿಲ್ ಒತ್ತಿದರೆ ಸಾಕು, 220 ಅಕ್ಷರಗಳ ಒಳಗೆ ನಮ್ಮ ತಲೆಬರಹವನ್ನು ನಾವೇ ಬರೆದುಕೊಳ್ಳಬಹುದು. ಬ್ರಹ್ಮನ ಕಷ್ಟ ಏನು ಅಂತ ನನಗೆ ತಿಳಿದದ್ದು ಹಾಗೆ.

ನಮ್ಮದು ಮೂರೇ ಜನರ ಕಂಪನಿ. ಯಂತ್ರ ತಯಾರಿಸುವವರಿಗೆ ಯೂಸರ್ ಮ್ಯಾನ್ಯುಯಲ್ ಬರೆದು ಕೊಡುತ್ತೇವೆ. ಮೊದಲು ನನ್ನ ಹೆಸರಿನ ಕೆಳಗೆ ‘ಫೌಂಡರ್ ಅಂಡ್ ಚೀಫ್ ಎಕ್ಸಿಕ್ಯೂಟಿವ್ ಆಫೀಸರ್’ ಎಂದಿತ್ತು. ಅದರ ಹಿಂದೆ ಕಂಪನಿಯ ಉದ್ದನೆಯ ಹೆಸರು. ಅದರ ಹಿಂದೆ ನಮ್ಮ ಕೆಲಸ. ಒಂದು ದಿನ ಯಾರದೋ ಪೋಸ್ಟಿಗೆ ಕಾಮೆಂಟ್ ಹಾಕಿ, ಅದನ್ನೇ ಮೊಬೈಲಿನಲ್ಲಿ ನೋಡಿದೆ. ನನ್ನ ಫೋಟೋ, ಹೆಸರು, ಕೆಳಗೆ ‘ಫೌಂಡರ್ ಅಂಡ್ ಚೀಫ್ ಎಕ್ಸಿಕ್ಯೂಟಿವ್…’ ಅಷ್ಟೇ! ಮೂರು ಚುಕ್ಕಿ ಬಿದ್ದು, ಹೊಟ್ಟೆಪಾಡಿನ ಮಾತೆಲ್ಲ ಬಾಗಿಲ ಹೊರಗೇ ಉಳಿದಿತ್ತು. ಯಾವುದರ ಫೌಂಡರ್ರೋ, ಏನು ಮಾಡುತ್ತಾನೋ, ಓದಿದವರಿಗೆ ಹೇಗೆ ಗೊತ್ತಾಗಬೇಕು? ಪ್ರೊಫೈಲಿನ ಪುಟದಲ್ಲಿ 220 ಅಕ್ಷರವೂ ಕಾಣುತ್ತದೆ, ನಿಜ. ಆದರೆ ಅಲ್ಲಿಗೆ ಬರಬೇಕಾದ ಮನುಷ್ಯ ಮೊದಲು ನೋಡುವುದು ಈ ತುಂಡನ್ನೇ.

ಕಂಪನಿಗೆ ಬೇರೆ ಪುಟವೂ ಇದೆ. ಲೋಗೋ ಇದೆ, ಬ್ಯಾನರ್ ಇದೆ, ಹಿಂಬಾಲಿಸುವ ಒಂದಷ್ಟು ಜನರೂ ಇದ್ದಾರೆ, ಹೆಚ್ಚಿನವರು ನೆಂಟರು. ಆ ಪುಟ ಮನೆ ಬಿಟ್ಟು ಕದಲುವ ಪೈಕಿ ಅಲ್ಲ. ಯಾರಿಗೂ ಕನೆಕ್ಷನ್ ರಿಕ್ವೆಸ್ಟ್ ಕಳಿಸಲು ಅದಕ್ಕೆ ಬರುವುದಿಲ್ಲ. ಊರೂರು ಅಲೆದು ಪರಿಚಯ ಮಾಡಿಕೊಂಡು ಬರಬೇಕಾದವನು ನಾನೇ. ಹಾಗಿದ್ದ ಮೇಲೆ ನನ್ನ ತಲೆಬರಹದಲ್ಲಿ ಕಂಪನಿಯ ಹೆಸರನ್ನು ಹೊತ್ತು ತಿರುಗುವುದು ಯಾಕೆ? ಆ ಹೆಸರು ಕೇಳಿದವರೇ ಇಲ್ಲ. ಅದಕ್ಕೆ ಎಕ್ಸ್‌ಪೀರಿಯೆನ್ಸ್ ಭಾಗದಲ್ಲಿ ಜಾಗವಿದೆಯಲ್ಲ.

ಅಲ್ಲೂ ಒಂದು ಎಡವಟ್ಟಾಗಿತ್ತು ಅನ್ನಿ. ಕಂಪನಿಯ ಹೆಸರನ್ನು ನಾನು ಸುಮ್ನೆ ಟೈಪ್ ಮಾಡಿ ಬಿಟ್ಟಿದ್ದೆ. ಟೈಪ್ ಮಾಡುವಾಗ ಕೆಳಗೆ ಪಟ್ಟಿ ಇಳಿಯುತ್ತದೆ, ಅದರಲ್ಲಿ ನಮ್ಮ ಪುಟವನ್ನೇ ಆರಿಸಬೇಕು. ಆರಿಸದಿದ್ದರೆ ಲೋಗೋ ಬದಲು ಒಂದು ಬೂದು ಚೌಕ ಬರುತ್ತದೆ, ಒತ್ತಿದರೆ ನಮ್ಮ ಪುಟ ತೆರೆಯುವುದಿಲ್ಲ. ನನ್ನ ಕಂಪನಿಗೂ ನನಗೂ ಸಂಬಂಧವೇ ಇಲ್ಲ ಅನ್ನುವ ಹಾಗಿತ್ತು. ಸರಿಮಾಡಲು ಹೊಸದಾಗಿ ಹುದ್ದೆ ಸೇರಿಸಿದೆ. ನೆಟ್‌ವರ್ಕಿಗೆ ತಿಳಿಸುವ ಸ್ವಿಚ್ ಆನ್ ಆಗಿದ್ದದ್ದು ನೋಡಲಿಲ್ಲ. ಆರು ವರ್ಷದಿಂದ ನಡೆಸುತ್ತಿರುವ ಕಂಪನಿಗೆ ‘ಹೊಸ ಕೆಲಸ ಸಿಕ್ಕಿದ್ದಕ್ಕೆ ಅಭಿನಂದನೆ’ ಅಂತ ಎರಡು ದಿನ ಸಂದೇಶ ಬಂತು. ಇದ್ದ ಹುದ್ದೆಯನ್ನೇ ತಿದ್ದಿ ಪುಟ ಆರಿಸಿದ್ದರೆ ಸಾಕಿತ್ತು.

ಇನ್ನು ಗಿರಾಕಿಯನ್ನು ಸೆಳೆಯುವ ಮಾತು. ಯಾರೋ ಹೇಳಿದರು, ನೀವು ಏನು ಅಂತ ಬರೆಯಬೇಡಿ, ಗಿರಾಕಿಗೆ ಏನು ಸಿಗುತ್ತದೆ ಅಂತ ಬರೆಯಿರಿ. ಸರಿ, ‘ನಿಮ್ಮ ಸಪೋರ್ಟ್ ಕರೆಗಳನ್ನು ಅರ್ಧಕ್ಕೆ ಇಳಿಸುತ್ತೇವೆ’ ಎಂದು ಬರೆದೆ. ಅರ್ಧ ಅನ್ನುವುದಕ್ಕೆ ನನ್ನ ಹತ್ತಿರ ಲೆಕ್ಕವೇನೂ ಇರಲಿಲ್ಲ, ಕಿವಿಗೆ ಚೆನ್ನಾಗಿತ್ತು ಅಷ್ಟೇ. ಆ ತಿಂಗಳು ಬಂದ ಸಂದೇಶಗಳೆಲ್ಲ ಕಾಲ್ ಸೆಂಟರ್ ಕೆಲಸ ಕೇಳುವವರದ್ದು. ತಪ್ಪು ಅವರದ್ದಲ್ಲ. ಆ ಸಾಲಿನಲ್ಲಿ ಮ್ಯಾನ್ಯುಯಲ್ ಅನ್ನುವ ಪದವೇ ಇರಲಿಲ್ಲ. ಮ್ಯಾನ್ಯುಯಲ್ ಬೇಕಾದವನು ಹುಡುಕುವ ಪೆಟ್ಟಿಗೆಯಲ್ಲಿ ಅದೇ ಪದ ಹಾಕುತ್ತಾನೆ, ಅಲ್ವಾ? ಅವನು ಹಾಕುವ ಪದ ನನ್ನ ತಲೆಬರಹದಲ್ಲಿ ಇಲ್ಲದಿದ್ದರೆ ಅವನ ಕಣ್ಣಿಗೆ ನಾನು ಬೀಳುವುದು ಹೇಗೆ?

ಕೊನೆಗೆ ಹಳೆಯ ಗಿರಾಕಿಯೊಬ್ಬರು ಮೊದಲ ಸಲ ಫೋನ್ ಮಾಡಿದಾಗ ಆಡಿದ ಮಾತು ನೆನಪಾಯಿತು. “ಮಷಿನ್ ಚೆನ್ನಾಗಿದೆ ಸಾರ್, ಯಾವ ಬಟನ್ ಒತ್ತಬೇಕು ಅಂತ ದಿನಾ ಫೋನ್ ಬರುತ್ತೆ.” ಅದನ್ನೇ ಹಿಡಿದು ಹೀಗೆ ಬರೆದೆ: ‘ಯಂತ್ರಗಳಿಗೆ ಯೂಸರ್ ಮ್ಯಾನ್ಯುಯಲ್ ಬರೆಯುತ್ತೇನೆ. ಯಾವ ಬಟನ್ ಒತ್ತಬೇಕು ಅಂತ ನಿಮಗೆ ಫೋನ್ ಬರಬಾರದು.’ ಕತ್ತರಿ ಬಿದ್ದರೂ ಮೊದಲ ಮೂರು ಪದ ಉಳಿಯುತ್ತವೆ, ಕೆಲಸ ಏನೆಂದು ತಿಳಿಯುತ್ತದೆ. ಫೌಂಡರ್ ಪದವಿ ಕೆಳಗೆ ಎಕ್ಸ್‌ಪೀರಿಯೆನ್ಸ್‌ಗೆ ಇಳಿಯಿತು. ಸ್ವಲ್ಪ ಸಂಕಟವಾಯಿತು, ಸುಳ್ಳು ಯಾಕೆ ಹೇಳಲಿ.

ಒಳ್ಳೆಯ ಸಾಲು ಬಂತೆಂದು ಆಫೀಸಿನಲ್ಲಿ ಓದಿ ಹೇಳಿದೆ. ನಮ್ಮಲ್ಲಿ ಬರೆಯುವ ಕೆಲಸ ಜಾಸ್ತಿ ಮಾಡುವ ಹುಡುಗಿ ಸ್ಕ್ರೀನಿನಿಂದ ತಲೆ ಎತ್ತಲಿಲ್ಲ.

“ಪುಟದಲ್ಲಿ ‘ಬರೆಯುತ್ತೇವೆ’ ಅಂತಿದೆ ಸಾರ್. ನಿಮ್ಮಲ್ಲಿ ‘ಬರೆಯುತ್ತೇನೆ’ ಅಂತಿದೆ.”

“ಅದು ಕಂಪನಿ ಪುಟ, ಇದು ನನ್ನದು, ಒಬ್ಬನೇ ಮನುಷ್ಯ ಅಲ್ವಾ” ಎಂದೆ.

“ಹೋದ ವರ್ಷ ನೀವು ಯಾವ ಮ್ಯಾನ್ಯುಯಲ್ ಬರೆದ್ರಿ ಸಾರ್?”

ಪೆನ್ಸಿಲ್ ಗುರುತನ್ನು ಮತ್ತೆ ಒತ್ತಿದೆ.