ತಾನೇ ಕೊಟ್ಟ ಸಲಹೆಗೆ ತಾನೇ ಸಹಿ

ಆಡಿಟರ್ ಮಾತು ಬಂದಾಗಲೆಲ್ಲ "ದುಡ್ಡು ತಗೊಂಡು ಸಹಿ ಹಾಕ್ತಾರೆ ಬಿಡಿ" ಅನ್ನುವವರು ಒಬ್ಬರಾದರೂ ಇರುತ್ತಾರೆ. ಕೆಲವು ವರ್ಷ ನಾನೂ ಆಡಿಟ್ ಕೆಲಸ ಮಾಡಿದ್ದೇನೆ. ನನಗೆ ಹೆದರಿಕೆ ಹುಟ್ಟಿಸಿದ್ದು ಲಂಚ ಅಲ್ಲ. ಯಾರೂ ಸುಳ್ಳು ಹೇಳದಿದ್ದರೂ ತೀರ್ಮಾನ ಒಂದು ಕಡೆಗೆ ವಾಲಿಬಿಡುತ್ತದಲ್ಲ, ಅದು.

ಒಮ್ಮೆ ಒಂದು ಕಂಪನಿಗೆ ಗಿರಾಕಿಗಳಿಂದ ಬರಬೇಕಾದ ಬಾಕಿಯ ಪಟ್ಟಿ ನೋಡುತ್ತಿದ್ದೆ. ಹಳೇ ಬಿಲ್‌ಗಳು ಹೊಸವುಗಳ ಕಾಲಂನಲ್ಲಿ ಕೂತಿದ್ದವು. ಗಿರಾಕಿ ಸ್ವಲ್ಪ ಹಣ ಕಟ್ಟಿದರೆ ಸಾಕು, ಉಳಿದ ಬಾಕಿಯ ವಯಸ್ಸನ್ನು ಸಾಫ್ಟ್‌ವೇರ್ ಆ ದಿನದಿಂದ ಮತ್ತೆ ಎಣಿಸುತ್ತಿತ್ತು. ಹಳೇ ಬಾಕಿ ಕಡಿಮೆ ಕಂಡರೆ, ವಸೂಲಾಗದ ಸಾಲಕ್ಕೆ ಅಂತ ತೆಗೆದಿಡುವ ಮೊತ್ತವೂ ಕಡಿಮೆ. ಅಷ್ಟರಮಟ್ಟಿಗೆ ಲಾಭ ಜಾಸ್ತಿ. ನಮ್ಮ ಆಡಿಟ್ ಸಂಸ್ಥೆಯ ಮ್ಯಾನೇಜರ್‌ಗೆ ತೋರಿಸಿದೆ. "ಆ ಸಿಸ್ಟಮ್ ಮಾಡಿಕೊಟ್ಟಿದ್ದು ನಮ್ಮ ಕನ್ಸಲ್ಟಿಂಗ್‌ನವರೇ ಅಲ್ವಾ? ಟೆಸ್ಟ್ ಮಾಡಿರ್ತಾರೆ ಬಿಡಿ" ಅಂದರು.

ಅವರು ಪ್ರಾಮಾಣಿಕ ಮನುಷ್ಯ. ಬೇರೆ ಯಾರೋ ಮಾಡಿದ ಸಿಸ್ಟಮ್ ಆಗಿದ್ದರೆ ಮೊದಲು ಅನುಮಾನ ಪಡುತ್ತಿದ್ದವರೂ ಅವರೇ. ನಾನೂ ಸುಮ್ಮನೆ ಮುಂದಿನ ಪುಟಕ್ಕೆ ಹೋದೆ. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಇದೇ ತೊಂದರೆ ದೊಡ್ಡ ಪ್ರಮಾಣದಲ್ಲಿ ಆದದ್ದು ಅಮೆರಿಕದ ಇಂಧನ ಕಂಪನಿ ಎನ್ರಾನ್‌ನಲ್ಲಿ. 2000ನೇ ವರ್ಷದಲ್ಲಿ ತನ್ನ ಆಡಿಟ್ ಸಂಸ್ಥೆ ಆರ್ಥರ್ ಆಂಡರ್ಸನ್‌ಗೆ ಎನ್ರಾನ್ ಕೊಟ್ಟಿದ್ದು ಆಡಿಟ್‌ಗೆ 2.5 ಕೋಟಿ ಡಾಲರ್, ಇತರ ಕೆಲಸಗಳಿಗೆ 2.7 ಕೋಟಿ ಡಾಲರ್. ಎಲ್ಲರೂ ಈ ಲೆಕ್ಕ ಹೇಳುತ್ತಾರೆ. ನನಗೆ ಇದಕ್ಕಿಂತ ಮುಖ್ಯ ಅನ್ನಿಸುವುದು ಇನ್ನೊಂದು ಸಣ್ಣ ಮೊತ್ತ, 13 ಲಕ್ಷ ಡಾಲರ್.

ಎನ್ರಾನ್ ಕೈಯಲ್ಲಿದ್ದ ಕೆಲವು ಹೂಡಿಕೆಗಳ ಬೆಲೆ ಬಿದ್ದರೆ, ಆ ನಷ್ಟ ತುಂಬಿಕೊಡಲು 'ರಾಪ್ಟರ್' ಹೆಸರಿನ ನಾಲ್ಕು ಸಂಸ್ಥೆಗಳನ್ನು ಹುಟ್ಟುಹಾಕಿದ್ದರು. ಆದರೆ ಅವುಗಳ ಬಳಿ ಇದ್ದ ಬಂಡವಾಳ ಬಹುಪಾಲು ಎನ್ರಾನ್‌ನದೇ ಷೇರು. ಷೇರಿನ ಬೆಲೆಯೂ ಬಿದ್ದರೆ ನಷ್ಟ ತುಂಬಿಕೊಡುವವರೇ ಇಲ್ಲ. ಅದರ ಮೇಲೆ, ಎನ್ರಾನ್ ಅವುಗಳಿಗೆ ಷೇರು ಕೊಟ್ಟು ದುಡ್ಡಿನ ಬದಲು 'ಮುಂದೆ ಕೊಡುತ್ತೇವೆ' ಅನ್ನುವ ಪತ್ರ ಬರೆಸಿಕೊಂಡಿತು. ಆ ಪತ್ರವನ್ನು ಆಸ್ತಿ ಅಂತ ತೋರಿಸಿ, ಷೇರುದಾರರ ಬಂಡವಾಳವನ್ನೂ ಅಷ್ಟೇ ಏರಿಸಿತು. ದುಡ್ಡು ಕೈಗೆ ಬಾರದೆ ಷೇರು ಕೊಟ್ಟರೆ ಬಂಡವಾಳ ಏರಿಸುವ ಹಾಗಿಲ್ಲ. ಇದು ಅಕೌಂಟಿಂಗ್‌ನ ಶುರುವಿನ ಪಾಠಗಳಲ್ಲೇ ಬರುತ್ತದೆ. ಹೀಗೆ ಉಬ್ಬಿದ್ದು 100 ಕೋಟಿ ಡಾಲರ್.

ಅಷ್ಟು ಅನುಭವಿಗಳ ಕಣ್ಣಿಗೆ ಇದು ಯಾಕೆ ಬೀಳಲಿಲ್ಲ? ಎನ್ರಾನ್ ಮಂಡಳಿಯೇ ನಡೆಸಿದ ತನಿಖೆಯ ವರದಿ 2002ರಲ್ಲಿ ಬಂತು. ರಾಪ್ಟರ್‌ಗಳ ಹುಟ್ಟಿನಿಂದ ಕೊನೆಯವರೆಗೂ ಹೆಜ್ಜೆಹೆಜ್ಜೆಗೂ ಆಂಡರ್ಸನ್ ಸಲಹೆ ಕೊಟ್ಟಿತ್ತು ಅಂತ ಅದರಲ್ಲಿದೆ. ಆ ಕೆಲಸದ ಬಿಲ್ಲೇ ಸುಮಾರು 13 ಲಕ್ಷ ಡಾಲರ್. ವರ್ಷದ ಕೊನೆಗೆ ಅದೇ ಸಂಸ್ಥೆ ಆಡಿಟರ್ ಆಗಿ ಬಂದು ಈ ಏರ್ಪಾಡು ಸರಿ ಇಲ್ಲ ಅನ್ನಬೇಕಿತ್ತು. ಹಾಗೆ ಅಂದರೆ ತನ್ನ ಸಲಹೆಯೇ ತಪ್ಪು ಅಂತ ಒಪ್ಪಿಕೊಂಡ ಹಾಗೆ.

ಒಳಗೇ ಒಬ್ಬರು ತಕರಾರು ಎತ್ತಿದ್ದರು. ಕಾರ್ಲ್ ಬಾಸ್ ಅಂತ, ಅಕೌಂಟಿಂಗ್‌ನ ಕಷ್ಟದ ಪ್ರಶ್ನೆಗಳಿಗೆ ಅಭಿಪ್ರಾಯ ಕೊಡುವ ಆಂಡರ್ಸನ್ ವಿಭಾಗದವರು. ಎನ್ರಾನ್ ದೂರಿತು. 2001ರ ಮಾರ್ಚ್‌ನಲ್ಲಿ ಅವರನ್ನು ಆ ಗಿರಾಕಿಯ ಕೆಲಸದಿಂದ ತೆಗೆದರು. ಅದಕ್ಕೂ ಮುಂಚೆ, ಫೆಬ್ರುವರಿಯಲ್ಲಿ, ಎನ್ರಾನ್‌ನ ಆಡಿಟ್ ಮುಂದುವರಿಸಬೇಕಾ ಅಂತ ಆಂಡರ್ಸನ್ ಪಾರ್ಟ್‌ನರ್‌ಗಳು ಮಾತಾಡಿದ್ದರು. ಫೀಸು ವರ್ಷಕ್ಕೆ 10 ಕೋಟಿ ಡಾಲರ್ ಮುಟ್ಟಬಹುದು ಅನ್ನುವ ಮಾತೂ ಆ ಸಭೆಯಲ್ಲೇ ಬಂತು. ಅದೇ ಡಿಸೆಂಬರ್ 2ಕ್ಕೆ ಎನ್ರಾನ್ ದಿವಾಳಿ ಅರ್ಜಿ ಹಾಕಿತು.

"ಕನ್ಸಲ್ಟಿಂಗ್ ಮಾಡಿದರೆ ಕಂಪನಿ ಚೆನ್ನಾಗಿ ಅರ್ಥ ಆಗುತ್ತೆ, ಆಡಿಟ್ ಇನ್ನೂ ಚೆನ್ನಾಗಿ ಆಗುತ್ತೆ" ಅನ್ನುವ ಸ್ನೇಹಿತರು ನನಗಿದ್ದಾರೆ. ಅರ್ಥ ಆಗುವುದು ನಿಜ. ಆಂಡರ್ಸನ್‌ಗೂ ರಾಪ್ಟರ್ ಚೆನ್ನಾಗಿ ಅರ್ಥ ಆಗಿತ್ತು. ಅಲ್ಲಿ ಕಡಿಮೆಯಾಗಿದ್ದು ತಿಳಿವಳಿಕೆ ಅಲ್ಲ, ಹೊರಗಿನವನ ಅನುಮಾನ.

2002ರ ಸಾರ್ಬೇನ್ಸ್–ಆಕ್ಸ್‌ಲಿ ಕಾಯ್ದೆ ಅಮೆರಿಕದ ಲಿಸ್ಟೆಡ್ ಕಂಪನಿಗಳ ಆಡಿಟರ್‌ಗಳಿಗೆ ಹಲವು ಕೆಲಸ ನಿಷೇಧಿಸಿತು. ಆಡಿಟ್ ಮಾಡುವ ಕಂಪನಿಯ ಲೆಕ್ಕ ಬರೆಯುವುದು, ಹಣಕಾಸು ಸಿಸ್ಟಮ್ ಕಟ್ಟಿಕೊಡುವುದು, ಆಸ್ತಿಯ ಬೆಲೆ ಕಟ್ಟುವುದು, ಇಂಟರ್ನಲ್ ಆಡಿಟ್ ನಡೆಸುವುದು ಇವೆಲ್ಲ ಅದರಲ್ಲಿ ಸೇರಿವೆ. ತೆರಿಗೆ ಸಲಹೆಯಂಥ ಕೆಲಸಗಳಿಗೆ, ಕಂಪನಿಯ ಆಡಿಟ್ ಸಮಿತಿ ಮೊದಲೇ ಒಪ್ಪಿದರೆ, ಅವಕಾಶ ಉಳಿಯಿತು. ನನಗೆ ಈ ಕಿಂಡಿ ಇಷ್ಟವಿಲ್ಲ. ತೆರಿಗೆ ಎಷ್ಟು ತೆಗೆದಿಡಬೇಕು ಅನ್ನುವುದೂ ಒಂದು ಅಂದಾಜೇ. ಆ ಅಂದಾಜು ಸರಿ ಇದೆಯಾ ಅಂತ ನೋಡಬೇಕಾದವನೂ ಅದೇ ಆಡಿಟರ್.

ಈಗ ಯಾವ ವಾರ್ಷಿಕ ವರದಿ ಕೈಗೆ ಬಂದರೂ ಆಡಿಟರ್‌ಗೆ ಕೊಟ್ಟ ಹಣದ ವಿವರ ಹುಡುಕುತ್ತೇನೆ. ಇತರ ಕೆಲಸಗಳ ಫೀಸು ಆಡಿಟ್ ಫೀಸಿನ ಪಕ್ಕಕ್ಕೆ ಬಂದು ನಿಂತಿದ್ದರೆ ಅಲ್ಲೇ ನಿಲ್ಲುತ್ತೇನೆ. ಮೊತ್ತ ಚಿಕ್ಕದಾಗಿದ್ದರೂ, ಆ ಕೆಲಸದ ಫಲ ಇದೇ ವರದಿಯ ಯಾವುದಾದರೂ ಸಾಲಿನಲ್ಲಿ ಬಂದು ಕೂತಿದೆಯಾ ಅಂತ ನೋಡುತ್ತೇನೆ.