ಸೂಟಿಯಾಗೂ ಸಾಲಿ ಮಾರುವ ಕೆಲಸ

ನಾನು ಜಾಹೀರಾತಿಗೆ ಬರೆಯುವವನು. ಧಾರವಾಡದ ಸಪ್ತಾಪುರದಲ್ಲಿ ಮನೆ. ಎಲ್ಲಿ ನೋಡಿದರೂ ಕೋಚಿಂಗ್ ಬೋರ್ಡುಗಳ ನಡುವೆಯೇ ಓಡಾಟ. ಹೋದ ಮಾರ್ಚ್‌ನಲ್ಲಿ ಒಂದು ಆನ್‌ಲೈನ್ ಟ್ಯೂಷನ್ ಕಂಪನಿಯವರು ಬೇಸಿಗೆ ಕೋರ್ಸಿನ ಕಾಪಿ ಕಳಿಸಿದರು. ಕಾಪಿ ಅಂದರೆ ಜಾಹೀರಾತಿನ ಬರಹ. ಇಂಗ್ಲಿಷ್‌ನಲ್ಲಿತ್ತು, "ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆಯ ಪಾಲಕರಿಗೆ ತಾಗುವ ಹಾಗೆ ಕನ್ನಡ ಮಾಡಿ ಕೊಡಿ" ಅಂದರು.

ಮೊದಲ ಸಾಲೇ ಹೆದರಿಸುವುದು. ರಜೆಯಲ್ಲಿ ಮಕ್ಕಳು ಕಲಿತದ್ದರಲ್ಲಿ ಇಷ್ಟು ಪರ್ಸೆಂಟ್ ಮರೆಯುತ್ತಾರೆ ಅಂತ ಒಂದು ದೊಡ್ಡ ಅಂಕಿ. ಎಲ್ಲಿಂದ ಬಂತು ಅಂತ ಕೇಳಿದೆ, ಉತ್ತರ ಇಲ್ಲ. ಅಮೆರಿಕದಲ್ಲಿ ಈ ಬಗ್ಗೆ ಅಧ್ಯಯನಗಳಾಗಿವೆ, ನಿಜ. 1996ರಲ್ಲಿ ಹ್ಯಾರಿಸ್ ಕೂಪರ್ ಮತ್ತು ಜೊತೆಗಾರರು ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದಾಗ, ಸುಮಾರು ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಬೀಳುತ್ತಾರೆ, ಓದಿಗಿಂತ ಗಣಿತದಲ್ಲಿ ಜಾಸ್ತಿ ಅಂತ ಕಂಡಿತು. ಆಮೇಲೆ ಬಂದ ಸಂಶೋಧಕರು ಅದನ್ನೂ ಪ್ರಶ್ನಿಸಿದ್ದಾರೆ. ಅಲ್ಲಿನ ರಜೆ ಎರಡು ತಿಂಗಳಿಗಿಂತ ಜಾಸ್ತಿ. ನಮ್ಮ ರಾಜ್ಯದ ಸಿಲೆಬಸ್ ಸಾಲಿಗಳ ಸೂಟಿ ಏಪ್ರಿಲ್ ಎರಡನೇ ವಾರಕ್ಕೆ ಶುರುವಾಗಿ ಮೇ ಕೊನೆಗೆ ಮುಗಿಯುತ್ತದೆ. ಅಲ್ಲಿಯ ಅಂಕಿಯನ್ನು ತಂದು ಗದಗಿನ ತಾಯಿಯ ಎದೆಗೆ ಒತ್ತುವುದು ನನಗೆ ಸರಿ ಕಾಣಲಿಲ್ಲ. ಆ ಸಾಲು ಹೊಡೆದುಹಾಕಿದೆ.

ಎರಡನೇ ಸಾಲು ಇನ್ನೂ ಮಜಾ. "ದಿನಕ್ಕೆ ಬರೀ 14 ರೂಪಾಯಿ!"

ಅಣ್ಣಿಗೇರಿಯಲ್ಲಿರುವ ನಮ್ಮ ವೈನಿಗೆ ಇದನ್ನು ವಾಟ್ಸಾಪ್ ಮಾಡಿದೆ. ಅವರ ಮಗ ಆರನೇತ್ತೆ ಮುಗಿಸಿದ್ದ. ಐದೇ ನಿಮಿಷಕ್ಕೆ ಫೋನ್ ಬಂತು. "ದಿನಕ್ಕ 14 ಅಂದ್ರ ತಿಂಗಳಿಗೆ 420 ಆತು. ಚಲೋ ಐತಿ. ಮತ್ತ ಕೆಳಗ 4,999 ಯಾಕ ಬರದಾರ್ರೀ?"

ವೈನಿ ಕೇಳಿದ್ದು ಸರಿಯಾಗಿಯೇ ಇತ್ತು. ಕೋರ್ಸಿನಲ್ಲಿ ಇದ್ದದ್ದು ಬರೀ 20 ಲೈವ್ ಕ್ಲಾಸ್. ಜೊತೆಗೆ ಒಂದು ವರ್ಷ ಆ್ಯಪ್ ನೋಡಬಹುದು. ಹಾಗಾಗಿ 4,999ನ್ನು 365ರಿಂದ ಭಾಗಿಸಿದ್ದಾರೆ, 14 ರೂಪಾಯಿಗೆ ಹತ್ತಿರ ಬಂದಿದೆ. ಪಾಲಕರು ಕೊಳ್ಳುವುದು ಕ್ಲಾಸು, ಭಾಗಿಸಿದ್ದು ಕ್ಯಾಲೆಂಡರು. ಇದರ ಮೇಲೆ 18% ಜಿಎಸ್‌ಟಿ ಬೇರೆ, ಅದು 900 ರೂಪಾಯಿ. ಒಟ್ಟು 5,899. ಅದನ್ನು 20ರಿಂದ ಭಾಗಿಸಿದರೆ ಒಂದು ಕ್ಲಾಸಿಗೆ 295 ರೂಪಾಯಿ.

295 ಅನ್ನುವುದು ಜಾಸ್ತಿಯೋ ಕಡಿಮೆಯೋ ನಾನು ಹೇಳಲ್ಲ. ಒಂದು ಬ್ಯಾಚಿಗೆ 6 ಮಕ್ಕಳಿದ್ದರೆ ಒಂದು ಲೆಕ್ಕ, 60 ಇದ್ದರೆ ಇನ್ನೊಂದು. ಆದರೆ ಬ್ಯಾಚಿನಲ್ಲಿ ಎಷ್ಟು ಮಕ್ಕಳು ಅನ್ನುವುದು ಇಡೀ ಕಾಪಿಯಲ್ಲಿ ಎಲ್ಲೂ ಇರಲಿಲ್ಲ. ಇಂಥ ಜಾಹೀರಾತು ನೋಡಿದಾಗ ನಾನು ಮೊದಲು ಹುಡುಕುವುದೇ ಅದನ್ನು. ಕೇಳಿದರೆ "12" ಅಂದರು. ಅಯ್ಯೋ, ಇಷ್ಟು ಒಳ್ಳೆಯ ಮಾತನ್ನು ಯಾಕೆ ಮುಚ್ಚಿಟ್ಟಿದ್ದೀರಿ ಅಂತ ಅದನ್ನೇ ಮೇಲೆ ತಂದೆ: "20 ಕ್ಲಾಸ್, ಒಂದೊಂದರಲ್ಲಿ 12 ಮಕ್ಕಳು, ತೆರಿಗೆ ಸೇರಿ 5,899."

"ಕೊನೆಯ 7 ಸೀಟು" ಅಂತಲೂ ಇತ್ತು. ನನಗೆ ಕಾಪಿ ಬಂದದ್ದು ಮಾರ್ಚ್‌ನಲ್ಲಿ, ಒಂದು ಸೀಟೂ ತುಂಬಿರಲಿಲ್ಲ! ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಹೀಗೆ ಸುಳ್ಳು ಅವಸರ ಹುಟ್ಟಿಸುವುದೂ ಕೊಳ್ಳುವವರನ್ನು ದಾರಿ ತಪ್ಪಿಸುವ ತಂತ್ರಗಳ, ಅಂದರೆ ಡಾರ್ಕ್ ಪ್ಯಾಟರ್ನ್‌ಗಳ ಪಟ್ಟಿಯಲ್ಲಿದೆ ಅಂತ ಮೇಲ್ ಹಾಕಿದೆ. ಮರುಮಾತಿಲ್ಲದೆ ತೆಗೆದರು. ಕಾನೂನಿನ ಹೆಸರು ಬಂದರೆ ಕೆಲಸ ಎಷ್ಟು ಬೇಗ ಆಗುತ್ತೆ ಅಲ್ವಾ?

ಉಚಿತ ಡೆಮೋ ಕ್ಲಾಸಿನ ಸಾಲಲ್ಲಿ ಸಣ್ಣ ಅಕ್ಷರದಲ್ಲಿ "ತಂದೆ-ತಾಯಿ ಇಬ್ಬರೂ ಇರಲೇಬೇಕು" ಅಂತಿತ್ತು. ಮಗುವಿನ ಕಲಿಕೆಗೆ ಇಬ್ಬರೂ ಬೇಕು ಅಂತ ಅಲ್ಲ. ಒಬ್ಬರೇ ಇದ್ದರೆ "ಮನಿಯಾಗ ಕೇಳಿ ಹೇಳ್ತೀನ್ರಿ" ಅಂದು ಫೋನ್ ಇಡುತ್ತಾರೆ, ಇಬ್ಬರೂ ಇದ್ದರೆ ಆ ನೆಪ ಇರಲ್ಲ. ಈ ವಹಿವಾಟಿನಲ್ಲಿರುವ ಎಲ್ಲರಿಗೂ ಗೊತ್ತಿರುವ ಉಪಾಯ. ಡೆಮೋ 40 ನಿಮಿಷ ಅಂದರೆ ಅದರಲ್ಲಿ ಪಾಠ ಅರ್ಧ, ಫೀಸಿನ ಮಾತು ಅರ್ಧ. ನಾನು "20 ನಿಮಿಷ ಪಾಠ, ಆಮೇಲೆ ಫೀಸಿನ ಮಾತು, ಒಬ್ಬರು ಇದ್ದರೂ ಸಾಕು" ಅಂತ ಬರೆದೆ. ಮ್ಯಾನೇಜರ್ ಮೊದಲ ಅರ್ಧ ಒಪ್ಪಿದರು, ಕೊನೆಯದನ್ನು ಕತ್ತರಿಸಿದರು.

ಈಗ ಹೆಡ್‌ಲೈನ್. ಹೆದರಿಸುವ ಸಾಲು ತೆಗೆದ ಜಾಗದಲ್ಲಿ ಏನಾದರೂ ಇಡಬೇಕಲ್ಲ. ಕೋರ್ಸು ಇದ್ದದ್ದು ಆರನೇತ್ತೆ ಮುಗಿಸಿ ಏಳಕ್ಕೆ ಹೋಗುವವರಿಗೆ, ಮುಖ್ಯವಾಗಿ ಭಿನ್ನರಾಶಿ. "ನಿಮ್ಮ ಮಗುವಿನ ಗಣಿತದ ಬುನಾದಿ ಗಟ್ಟಿ ಮಾಡಿ" ಅಂತ ಬರೆಯಬಹುದಿತ್ತು. ಅದನ್ನು ಓದಿ ಯಾವ ಪಾಲಕರಿಗೂ ತಮ್ಮ ಮಗುವಿಗೆ ಈ ಕೋರ್ಸು ಬೇಕೋ ಬೇಡವೋ ತಿಳಿಯಲ್ಲ. ನಾನು ಬರೆದದ್ದು ಇದು:

"ನಿಮ್ಮ ಮಗುವಿಗೆ ಈ ಲೆಕ್ಕ ಕೊಡಿ: 1/2 + 1/3. ಉತ್ತರ 2/5 ಬಂದರೆ ನಮಗೆ ಫೋನ್ ಮಾಡಿ. 5/6 ಬಂದರೆ ಅಜ್ಜಿ ಊರಿಗೆ ಕಳಿಸಿ."

ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿದರೆ 2/5 ಬರುತ್ತದೆ. ಬಹಳ ಮಕ್ಕಳು ಮಾಡುವ ತಪ್ಪು. ಈ ತಪ್ಪಿನ ಗುಣ ಏನಂದರೆ, ಗಣಿತ ಬಾರದ ಪಾಲಕರೂ ಇದನ್ನು ಹಿಡಿಯಬಹುದು. ಅರ್ಧ ರೊಟ್ಟಿ ಇತ್ತು, ಅದಕ್ಕೆ ಇನ್ನೊಂದು ತುಂಡು ಸೇರಿಸಿದೆ, ಕೊನೆಗೆ ಅರ್ಧಕ್ಕಿಂತ ಕಡಿಮೆ ಆಯ್ತು ಅಂದರೆ ಯಾರು ನಂಬ್ತಾರೆ? 2/5 ಅಂದರೆ ಅರ್ಧಕ್ಕಿಂತ ಕಡಿಮೆಯೇ. ಎರಡನ್ನೂ ಆರು ಭಾಗದ ಲೆಕ್ಕಕ್ಕೆ ತಂದರೆ ಮೂರು ಭಾಗ, ಎರಡು ಭಾಗ, ಕೂಡಿ ಐದು. ಒಂದು ರೊಟ್ಟಿ ಮುಂದಿಟ್ಟುಕೊಂಡು ಜಾಹೀರಾತಿನಲ್ಲೇ ಇಷ್ಟು ತೋರಿಸಿದೆವು.

ಮ್ಯಾನೇಜರ್ ಬೆಂಗಳೂರಿನವರು. "ಸರ್, ಕೊಳ್ಳಬೇಡಿ ಅಂತ ನೀವೇ ಹೇಳ್ತಿದ್ದೀರಲ್ಲ?" ಅಂದರು. ಬೇಡದವರು ಸೇರಿದರೆ ಮೂರನೇ ಕ್ಲಾಸಿಗೆ ದುಡ್ಡು ವಾಪಸ್ ಕೇಳ್ತಾರೆ, ಆ ಫೋನುಗಳನ್ನು ಎತ್ತುವವರು ಯಾರು ಅಂತ ಕೇಳಿದೆ. ಒಂದು ವಾರ ನೋಡೋಣ ಅಂದರು.

ಫೋನುಗಳು ಕಡಿಮೆಯೇ ಬಂದವು, ಅದನ್ನು ಮುಚ್ಚಿಡಲ್ಲ. ಆದರೆ ಮಾಡಿದವರು "ನಮ್ಮ ಹುಡುಗಿ 2/5 ಬರದಾಳ್ರೀ" ಅಂತಲೇ ಮಾತು ಶುರು ಮಾಡುತ್ತಿದ್ದರು. ಅವರ ಇನ್ನೊಂದು ಪ್ರಶ್ನೆ ಸಮಯದ್ದು. ಸಂಜೆ 4ಕ್ಕೆ ಕ್ಲಾಸ್ ಅಂತ ಇಟ್ಟಿದ್ದರು. ಏಪ್ರಿಲ್-ಮೇನಲ್ಲಿ ನಮ್ಮ ಕಡೆ ಅಡ್ಡಮಳೆ ಬರುವುದು, ಕರೆಂಟ್ ಹೋಗುವುದು ಅದೇ ಹೊತ್ತಿಗೆ. ಬೆಳಿಗ್ಗೆ 8ಕ್ಕೆ ತನ್ನಿ ಅಂದೆ, ತಂದರು. ಅಜ್ಜಿ ಊರಲ್ಲಿ ಮೊಬೈಲ್ ಡೇಟಾ ಮೇಲೆಯೇ ನೋಡುವವರಿಗೆ ಒಂದು ತಾಸಿನ ಲೈವ್ ಕ್ಲಾಸಿಗೆ ಅರ್ಧದಿಂದ ಒಂದು ಜಿಬಿ ಹೋಗಬಹುದು ಅನ್ನುವುದನ್ನೂ ಕಾಪಿಗೆ ಸೇರಿಸಿದೆ.

ವೈನಿಯ ಮಗ? ಅವನು 5/6 ಬರೆದ. ಪಾಪ, ಸೂಟಿ ಪೂರ್ತಿ ಮಾವಿನ ಗಿಡದ ಕೆಳಗೇ ಇದ್ದ.

ಮೊನ್ನೆ ಅದೇ ಕಂಪನಿಯಿಂದ ದಸರಾ ಸೂಟಿಯ ಕಾಪಿ ಬಂದಿದೆ. 14 ರೂಪಾಯಿ ಇಲ್ಲ. "ಕೊನೆಯ 7 ಸೀಟು" ಮಾತ್ರ ಮತ್ತೆ ಬಂದು ಕೂತಿದೆ.